1510 ಎಷ್ಟನೇ ದಶಕ?

ವಾಸ್ಕೊದಲ್ಲಿ ನಾವು ಕನ್ನಡದವರು ನಡೆಸುವ ರಸಪ್ರಶ್ನೆಗೆ ಗೆಳೆಯರೊಬ್ಬರು ಒಂದು ಪ್ರಶ್ನೆ ಬರೆದು ತಂದಿದ್ದರು. ‘ಪೋರ್ಚುಗೀಸರು ಗೋವಾ ಗೆದ್ದದ್ದು ಹದಿನಾರನೇ ಶತಮಾನದ ಎಷ್ಟನೇ ದಶಕದಲ್ಲಿ?’ ಪಕ್ಕದಲ್ಲೇ ಉತ್ತರ: ಎರಡನೇ ದಶಕ.

ಇಸವಿಯ ಬಗ್ಗೆ ಜಗಳವಿಲ್ಲ. ಅಲ್ಬುಕರ್ಕ್ ಮೊದಲು ಗೋವಾಕ್ಕೆ ನುಗ್ಗಿದ್ದು 1510ರ ಫೆಬ್ರವರಿಯಲ್ಲಿ. ನಡುವೆ ಊರು ಕೈತಪ್ಪಿತು. ನವೆಂಬರ್ 25ಕ್ಕೆ ಮತ್ತೆ ಗೆದ್ದ. (ಅವನಿಗೆ ನೆರವಾದ ತಿಮ್ಮಯ್ಯ ನಮ್ಮ ಹೊನ್ನಾವರದ ಕಡೆಯವನು. ನನ್ನ ಕೇಳಿದರೆ ಅದೇ ಒಳ್ಳೆ ಪ್ರಶ್ನೆ.) ತಕರಾರು ಇರುವುದು ಆ ಉತ್ತರದಲ್ಲಿ. ಅದು ಮೊದಲನೇ ದಶಕ.

“ಅಲ್ರೀ, 1510 ಅಂದಮ್ಯಾಲ ಹತ್ತರ ದಶಕ ಅಲ್ಲೇನ್ರಿ?” ಅಂದರು. ಹೌದು, ಅದೂ ಸರಿಯೇ. 1510ರಿಂದ 1519ರವರೆಗಿನದು 1510ರ ದಶಕ. ತೊಂಬತ್ತರ ದಶಕ ಅಂದರೆ 1990ರಿಂದ 1999 ಅಲ್ವಾ, ಹಾಗೆ. ಇಲ್ಲಿ ನಾವು ಅಂಕಿ ನೋಡಿ ಹೆಸರಿಡುತ್ತೇವೆ, ಎಣಿಸುವುದಿಲ್ಲ. ಆದರೆ ‘ಶತಮಾನದ ಎಷ್ಟನೇ’ ಎಂದು ಕೇಳಿದ ಕೂಡಲೇ ಎಣಿಸಲೇಬೇಕು.

ಎಣಿಕೆ ಶುರುವಾಗುವುದು 1ರಿಂದ. ಆರನೇ ಶತಮಾನದಲ್ಲಿ ಡಯೊನಿಸಿಯಸ್ ಎಂಬ ಸನ್ಯಾಸಿ ಈ ಲೆಕ್ಕ ಹಾಕಿದಾಗ ಸೊನ್ನೆ ಇಸವಿ ಇಡಲಿಲ್ಲ. ಕ್ರಿ.ಪೂ. 1 ಮುಗಿದರೆ ನೇರ ಕ್ರಿ.ಶ. 1. ಮಗು ಹುಟ್ಟಿದ ದಿನದಿಂದಲೇ ಅದಕ್ಕೆ ಮೊದಲನೇ ವರ್ಷ ನಡೆಯುತ್ತಿರುತ್ತದಲ್ಲ, ಹಾಗೆ. ನೂರು ತುಂಬಬೇಕಾದರೆ 100ನೇ ಇಸವಿ ಪೂರ್ತಿ ಕಳೆಯಬೇಕು. 99ಕ್ಕೇ ಮುಗಿಸಿದರೆ ಮೊದಲ ಶತಮಾನಕ್ಕೆ ಒಂದು ವರ್ಷ ಖೋತಾ. ಹೀಗೆ ನೂರು ನೂರು ಕಟ್ಟುತ್ತ ಬಂದರೆ ಹದಿನಾರನೆಯದು 1501ಕ್ಕೆ ಶುರು, 1600ಕ್ಕೆ ಮುಗಿತು. ಅದರ ಮೊದಲ ಹತ್ತು ವರ್ಷ 1501ರಿಂದ 1510.

ಅಂದರೆ 1510 ಒಂದೇ ಹೊತ್ತಿಗೆ ‘1510ರ ದಶಕ’ದ ಮೊದಲ ವರ್ಷ, ಶತಮಾನದ ಮೊದಲ ದಶಕದ ಕೊನೆಯ ವರ್ಷ. ಸೊನ್ನೆಯಲ್ಲಿ ಮುಗಿಯುವ ಇಸವಿಗಳಿಗಷ್ಟೇ ಈ ಪೇಚಾಟ. 1511ಕ್ಕೆ ಬಂದರೆ ಎರಡೂ ಲೆಕ್ಕ ಕೂಡಿಕೊಳ್ಳುತ್ತವೆ.

ತೊಂಬತ್ತರ ದಶಕ 1991ಕ್ಕೆ ಶುರು ಎಂದು ತಿದ್ದಲು ಬರುವವರ ಜೊತೆ ನಾನಿಲ್ಲ. ಅದು ಸುಮ್ನೆ ಅತಿ ಬುದ್ಧಿವಂತಿಕೆ. ಹಾಗೇ, 2000ನೇ ಇಸವಿಯನ್ನು ಇಪ್ಪತ್ತೊಂದನೇ ಶತಮಾನಕ್ಕೆ ಸೇರಿಸುವವರ ಜೊತೆಗೂ ಇಲ್ಲ. ಆ ಜನವರಿಯಲ್ಲಿ ಜಗತ್ತೇ ಪಟಾಕಿ ಹೊಡೆಯಿತು, ನಿಜ. ನಾಲ್ಕೂ ಅಂಕಿ ಒಟ್ಟಿಗೆ ಬದಲಾದರೆ ಯಾರಿಗೆ ಖುಷಿಯಾಗಲ್ಲ? ಶತಮಾನ ಮಾತ್ರ 2001ರ ಜನವರಿ 1ಕ್ಕೇ ಹುಟ್ಟಿದ್ದು.

ಸ್ಮರಣ ಸಂಚಿಕೆಗೆ ಎಕ್ಸೆಲ್‌ನಲ್ಲಿ ಇಸವಿಗಳ ಪಟ್ಟಿ ಮಾಡುವವರು ನೂರರಿಂದ ಭಾಗಿಸಿ ಒಂದು ಕೂಡಿಸಿಬಿಡುತ್ತಾರೆ. ಜಾಸ್ತಿ ಇಸವಿಗಳಿಗೆ ಸರಿ ಉತ್ತರವೇ ಬರುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಭಾಗಿಸುವ ಮೊದಲು ಒಂದು ಕಳೆಯಬೇಕು:

```
=INT((A2-1)/100)+1
```

A2ನಲ್ಲಿ 1900 ಹಾಕಿ ನೋಡಿ, 19 ಬರಬೇಕು. 20 ಬಂದರೆ ಕಳೆಯುವುದನ್ನು ಮರೆತಿದ್ದೀರಿ.