ಅದನ್ನು ಹೇಳಿದ್ದು ಮುದ್ದಣ ಅಲ್ಲ ಮಾರಾಯ್ರೆ

ನಿನ್ನೆ ಉಡುಪಿಯಲ್ಲಿ ಕಾಲೇಜು ಮಕ್ಕಳ ಪ್ರಬಂಧ ಸ್ಪರ್ಧೆ. ನಾನು ತೀರ್ಪುಗಾರ. ವಿಷಯ ನಮ್ಮ ನಂದಳಿಕೆಯ ಮುದ್ದಣನ ‘ಶ್ರೀರಾಮಾಶ್ವಮೇಧಂ’. ಖುಷಿಯಿಂದಲೇ ಹೋದೆ. ಪ್ರಬಂಧಗಳ ಕಟ್ಟು ಮುಗಿಯುವಾಗ ತಲೆ ಕೆಟ್ಟಿತ್ತು. ನನ್ನ ಸಿಟ್ಟು ನಿಮಗೆ ಹೊಸತಲ್ಲ. ಬೇಡದವರು ಸುಮ್ನೆ ಮುಂದಿನ ಪೋಸ್ಟಿಗೆ ಹೋಗಿ.

ಸುಮಾರು ಎಲ್ಲ ಪ್ರಬಂಧಗಳಲ್ಲೂ ಒಂದೇ ಸಾಲು. ನೀಲಿ ಶಾಯಿಯ ನಡುವೆ ಕಪ್ಪು ಶಾಯಿ, ಕೆಳಗೆ ಸ್ಕೇಲಿಟ್ಟು ಎಳೆದ ಗೆರೆ. ಒಳಗಿರುವುದು ಹೆಚ್ಚುಕಡಿಮೆ ಹೀಗೆ:

“ಮುದ್ದಣನಿಗೆ ಗದ್ಯವೆಂದರೆ ಪ್ರೀತಿ. ‘ಪದ್ಯಂ ವಧ್ಯಂ, ಗದ್ಯಂ ಹೃದ್ಯಂ’ ಎಂದು ಮುದ್ದಣ ಹೇಳಿದ್ದಾನೆ. ಇದರಿಂದ ಅವನಿಗೆ ಗದ್ಯದ ಮೇಲೆ ಎಷ್ಟು ಪ್ರೀತಿ ಇತ್ತು ಎಂದು ತಿಳಿಯುತ್ತದೆ.”

ಉಲ್ಲೇಖದ ಮುಂಚೆ ಒಂದು ಮಾತು. ಉಲ್ಲೇಖದ ನಂತರ ಅದೇ ಮಾತು. ನಡುವೆ ಉಲ್ಲೇಖ. ವಿಮರ್ಶೆ ಎಲ್ಲಿ ಉಂಟು? ಉಲ್ಲೇಖದ ಅರ್ಥವನ್ನು ಇನ್ನೊಮ್ಮೆ ಹೇಳಿದರೆ ಅದು ವಿಮರ್ಶೆ ಆಗುವುದಿಲ್ಲ. ನಾನು ಒಂದು ಪರೀಕ್ಷೆ ಮಾಡುತ್ತೇನೆ, ನೀವೂ ಮಾಡಿ. ಉಲ್ಲೇಖದ ಮೇಲೆ ಬೆರಳಿಟ್ಟು ಮುಚ್ಚಿ, ಉಳಿದದ್ದನ್ನು ಓದಿ. ಬರೆದವರ ಮಾತು ಅಂತ ಏನಾದರೂ ಉಳಿಯುತ್ತದಾ? ಇಲ್ಲಿ ಉಳಿಯುವುದು ‘ಪ್ರೀತಿ ಇತ್ತು’ ಮಾತ್ರ.

ಅದೂ ಸರಿಯಾ? ಆ ಮಾತನ್ನು ಹೇಳಿದ್ದು ಮುದ್ದಣ ಅಲ್ಲ ಮಾರಾಯ್ರೆ! ಹೇಳಿದ್ದು ಮನೋರಮೆ. (ನನಗೆ ಮುದ್ದಣನಿಗಿಂತ ಮನೋರಮೆಯೇ ಜಾಸ್ತಿ ಇಷ್ಟ, ಅದಕ್ಕೂ ಸಿಟ್ಟು ಸ್ವಲ್ಪ ಹೆಚ್ಚಾಗಿರಬಹುದು.) ಪುಸ್ತಕದೊಳಗೆ ಕತೆ ಹೇಳುವ ಗಂಡನ ಹೆಸರೂ ಮುದ್ದಣ, ಕೇಳುವ ಹೆಂಡತಿ ಮನೋರಮೆ. ಕತೆಯನ್ನು ಪದ್ಯದಲ್ಲಿ ಹೇಳಲೋ ಗದ್ಯದಲ್ಲೋ ಎಂದು ಗಂಡ ಕೇಳುತ್ತಾನೆ, ಹೆಂಡತಿ ಉತ್ತರ ಕೊಡುತ್ತಾಳೆ. ಪುಸ್ತಕ ಬರೆದವನು ಮುದ್ದಣ, ನಿಜ. ಹಾಗಂತ ಪಾತ್ರ ಆಡಿದ ಮಾತೆಲ್ಲ ಕವಿಯ ಅಭಿಪ್ರಾಯ ಆಗುತ್ತದಾ? ಪದ್ಯವನ್ನು ಕೊಲ್ಲಬೇಕು ಅಂತ ಈ ಮನುಷ್ಯನ ನಿಲುವೇ ಆಗಿದ್ದರೆ, ‘ಶ್ರೀರಾಮ ಪಟ್ಟಾಭಿಷೇಕಂ’ ಅನ್ನು ವಾರ್ಧಕ ಷಟ್ಪದಿಯಲ್ಲಿ ಬರೆದದ್ದು ಯಾರು? ‘ಕುಮಾರ ವಿಜಯ’ ಎಂಬ ಯಕ್ಷಗಾನ ಪ್ರಸಂಗ ಬರೆದದ್ದು ಯಾರು? 1870ರಲ್ಲಿ ಹುಟ್ಟಿ 1901ರಲ್ಲಿ ತೀರಿಹೋದವನು. ಅಷ್ಟು ಸಣ್ಣ ಆಯುಷ್ಯದಲ್ಲಿ ಪದ್ಯವನ್ನೂ ಬರೆದ, ಗದ್ಯವನ್ನೂ ಬರೆದ.

ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳಿದರು ಎನ್ನುವುದನ್ನು ಬಿಟ್ಟು ಸಾಲನ್ನು ಮಾತ್ರ ಕಿತ್ತು ತಂದರೆ ಹೀಗೇ ಆಗುವುದು. ಆ ಸಾಲಿನ ನಂತರ ಏನಾಗುತ್ತದೆ ಅಂತ ಒಬ್ಬರಾದರೂ ನೋಡಬೇಕಿತ್ತು. ಗದ್ಯವೇ ಬೇಕು ಅಂದಳಲ್ಲ, ಮುದ್ದಣ ಗದ್ಯದಲ್ಲೇ ಶುರು ಮಾಡುತ್ತಾನೆ. ಆದರೆ ಎಂಥ ಗದ್ಯ! ಉದ್ದುದ್ದ ಸಂಸ್ಕೃತ ಸಮಾಸ. ಮನೋರಮೆ ಅಲ್ಲೇ ತಡೆಯುತ್ತಾಳೆ: ‘ನೀರಿಳಿಯದ ಗಂಟಲೊಳ್ ಕಡುಬಂ ತುರುಕಿದಂತಾಯ್ತು.’ ಅಂದರೆ ಗದ್ಯ ಎಂದ ಮಾತ್ರಕ್ಕೆ ಅವಳಿಗೆ ಹೃದ್ಯ ಆಗಲಿಲ್ಲ! ಮಕ್ಕಳು ಗೆರೆ ಎಳೆದ ಸಾಲನ್ನು ಅದೇ ಪುಟದಲ್ಲಿ ಅವಳೇ ತಿದ್ದುತ್ತಾಳೆ.

ಈಗ ಇದನ್ನಿಟ್ಟುಕೊಂಡು ಒಂದು ಪ್ಯಾರಾ ಬರೆದರೆ ಹೇಗಿರುತ್ತದೆ? ರಾತ್ರಿ ನಿದ್ರೆ ಬರಲಿಲ್ಲ, ನಾನೇ ಬರೆದೆ:

“ಮನೋರಮೆಗೆ ಬೇಡವಾದದ್ದು ಪದ್ಯ ಅಲ್ಲ, ತನಗೆ ದಕ್ಕದ ಮಾತು. ‘ಪದ್ಯಂ ವಧ್ಯಂ, ಗದ್ಯಂ ಹೃದ್ಯಂ’ ಎನ್ನುವಾಗ ಅವಳು ಪದ್ಯವನ್ನು ತಳ್ಳಿಹಾಕುವುದೂ ಪ್ರಾಸ ಕಟ್ಟಿಯೇ. ಹಾಗಾಗಿ ಇದನ್ನು ಪದ್ಯದ ಮೇಲಿನ ದ್ವೇಷ ಎನ್ನುವುದು ಕಷ್ಟ, ಇದರಲ್ಲಿ ಚೇಷ್ಟೆ ಇದೆ. ಅವಳು ಕೇಳಿದ ಗದ್ಯವೇ ಸಂಸ್ಕೃತದ ಭಾರ ಹೊತ್ತು ಬಂದಾಗ ‘ನೀರಿಳಿಯದ ಗಂಟಲೊಳ್ ಕಡುಬಂ’ ತುರುಕಿದಿರಿ ಎಂದು ಅದನ್ನೂ ನಿಲ್ಲಿಸುತ್ತಾಳೆ. ಕಡುಬು ಕೆಟ್ಟದ್ದು ಎಂದು ಅವಳು ಹೇಳುವುದಿಲ್ಲ. ಗಂಟಲು ನೋಡದೆ ತುರುಕಿದ್ದು ಅವಳ ದೂರು. ಕತೆ ಹೇಳುವವನಿಗೆ ಕೇಳುವವಳು ಹೀಗೆ ಷರತ್ತು ಹಾಕುತ್ತಾಳೆ.”

ದೊಡ್ಡ ವಿಮರ್ಶೆ ಏನಲ್ಲ. ಆದರೆ ಬೆರಳಿನ ಪರೀಕ್ಷೆ ಮಾಡಿ ನೋಡಿ. ಉಲ್ಲೇಖ ಮುಚ್ಚಿದರೂ ನನ್ನ ವಾದ ಕಾಣುತ್ತದೆ, ಅದಕ್ಕೆ ಸಾಕ್ಷಿ ಮಾತ್ರ ಇಲ್ಲವಾಗುತ್ತದೆ. ಎರಡನೇ ಉಲ್ಲೇಖವನ್ನು ಪೂರ್ತಿ ಹಾಕಲಿಲ್ಲ, ಬೇಕಾದ ಮೂರು ಪದ ಮಾತ್ರ ತೆಗೆದುಕೊಂಡು ನನ್ನ ವಾಕ್ಯದ ಒಳಗೆ ಕೂರಿಸಿದೆ. ಯಾಕೆಂದರೆ ಮುಂದೆ ನಾನು ಮಾತಾಡುವುದು ಕಡುಬು ಮತ್ತು ಗಂಟಲಿನ ಬಗ್ಗೆಯೇ. ಮಾತಾಡದ ಪದವನ್ನು ಎತ್ತಿ ತರುವುದು ಯಾಕೆ? ‘ಇಲ್ಲ ಸಾರ್, ಆ ಪ್ರಾಸ ಸುಮ್ನೆ ತಮಾಷೆಗೆ’ ಅಂತ ಯಾರಾದರೂ ಜಗಳಕ್ಕೆ ಬರಬಹುದು. ಬರಲಿ. ಆ ಮೊದಲ ಪ್ಯಾರಾದ ಜೊತೆ ಜಗಳ ಆಡಲಿಕ್ಕೂ ಆಗುವುದಿಲ್ಲ.

ಇನ್ನೊಂದು ಸಂಗತಿ, ಇದು ನಮ್ಮ ಕನ್ನಡದ್ದೇ ತೊಂದರೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಉಲ್ಲೇಖ ಬರೆದು, ‘ಎಂದು’ ಹಾಕಿ, ‘ಹೇಳಿದ್ದಾನೆ’ ಅಂತ ಮುಗಿಸುವುದು ಕೈಗೆ ಅಭ್ಯಾಸವಾಗಿ ಹೋಗಿದೆ. ವಾಕ್ಯದಲ್ಲಿ ಬರೆಯುವವರಿಗೆ ಅಂತ ಉಳಿದಿರುವ ಜಾಗ ಅದೊಂದೇ, ಅಲ್ಲೂ ‘ಹೇಳಿದ್ದಾನೆ’. ಹೇಳಿದ್ದು ನಮಗೆ ಕಾಣುತ್ತದಲ್ಲ! ಅವಳು ಅದನ್ನು ಹೇಳಿ ಏನು ಮಾಡಿದಳು? ತಡೆದಳಾ, ಗೇಲಿ ಮಾಡಿದಳಾ, ಷರತ್ತು ಹಾಕಿದಳಾ? ಆ ಒಂದು ಪದ ಆರಿಸಬೇಕಾದರೆ ಸಾಲನ್ನು ನಿಜವಾಗಿ ಓದಿರಬೇಕು. ಅಲ್ಲೇ ಅರ್ಧ ವಿಮರ್ಶೆ ಆಗಿಹೋಗುತ್ತದೆ.

ನನ್ನ ಜೊತೆ ಕೂತಿದ್ದ ಇನ್ನೊಬ್ಬ ತೀರ್ಪುಗಾರರು, ತುಂಬ ಒಳ್ಳೆಯವರು, ಹೇಳಿದರು: “ಬಿಡಿ ಮಾರಾಯ್ರೆ, ಈ ಕಾಲದಲ್ಲಿ ಮಕ್ಕಳಿಗೆ ಹಳೆಯ ಸಾಲು ಬಾಯಿಗೆ ಬರುವುದೇ ದೊಡ್ಡದು. ಉಲ್ಲೇಖ ಇದ್ದರೆ ಅಂಕ ಸಿಗುತ್ತದೆ ಅಂತ ನಾವೇ ಹೇಳಿಕೊಟ್ಟದ್ದಲ್ವಾ?”

ಎರಡನೆಯದು ನಿಜ. ಶಾಯಿ ಬದಲಿಸಿ ಬರೆಯಿರಿ, ಗೆರೆ ಎಳೆಯಿರಿ, ಪೇಪರ್ ನೋಡುವವರ ಕಣ್ಣಿಗೆ ಬೀಳಬೇಕು ಅಂತ ಹೇಳಿಕೊಡುವವರು ಬೇಕಾದಷ್ಟು ಇದ್ದಾರೆ. ಹಾಗಾಗಿ ಮಕ್ಕಳನ್ನು ಬೈಯುವುದು ಕಡಿಮೆ ಮಾಡುತ್ತೇನೆ. ಮೊದಲನೆಯದನ್ನು ಮಾತ್ರ ಒಪ್ಪುವುದಿಲ್ಲ. ಸಾಲು ಬಾಯಿಗೆ ಬಂದದ್ದು ಪುಸ್ತಕದಿಂದ ಅಲ್ಲ, ಗೈಡಿನಿಂದ. ಪುಸ್ತಕದಲ್ಲಿ ಆ ಸಾಲಿನ ಪಕ್ಕದಲ್ಲೇ ಮನೋರಮೆ ಇದ್ದಾಳೆ, ಓದಿದವರಿಗೆ ಅವಳು ಕಾಣದೆ ಇರುವುದಿಲ್ಲ.

ವಿಮರ್ಶಕರ ಮಾತು ತರುವವರ ಕತೆಯೂ ಇದೇ. ಮುದ್ದಣ ಹೊಸಗನ್ನಡದ ಮುಂಗೋಳಿ ಅಂತ ಯಾರೋ ಅಂದದ್ದನ್ನು ಬರೆದು ಪ್ರಬಂಧ ಮುಗಿಸುತ್ತಾರೆ. ಹಾಗೆ ಕರೆದವರು ಯಾವುದನ್ನು ನೋಡಿ ಕರೆದರು? ಆಡುಮಾತಿನ ಹತ್ತಿರದ ಈ ಸಲ್ಲಾಪವನ್ನಾ? ಹಾಗಿದ್ದರೆ ಹಳಗನ್ನಡದ ಆ ‘ಗಂಟಲೊಳ್’, ‘ಕಡುಬಂ’ ಏನು ಮಾಡುವುದು? ಅಲ್ಲಿಂದ ಪ್ರಬಂಧ ಶುರುವಾಗಬೇಕಿತ್ತು, ಅಲ್ಲಿಗೇ ಮುಗಿಸಿ ಸಹಿ ಹಾಕಿದ್ದಾರೆ.

ಈಗ ಇದರ ಕೆಳಗೆ ಮನೋರಮೆಯದೇ ಇನ್ನೊಂದು ಮಾತು, ‘ಕನ್ನಡಂ ಕತ್ತುರಿಯಲ್ತೆ’ ಅಂತ ಬರೆದು ಹೃದಯದ ಚಿತ್ರ ಹಾಕುವವರು ಕೆಲವರು ಇದ್ದೇ ಇದ್ದೀರಿ, ಗೊತ್ತು. ಹಾಕಿ. ಅದಕ್ಕೆ ಮುದ್ದಣ ಕೊಡುವ ಉತ್ತರ ಏನು ಅಂತಲೂ ಜೊತೆಗೆ ಬರೆಯಿರಿ.