ಸೋದರತ್ತೆಯ ಕಣ್ಣು ಮತ್ತು ಶುಕ್ರವಾರದ ಗಾಡಿ

ಕನ್ಫರ್ಮ್ ಆದ ರೈಲು ಟಿಕೆಟಿನ ತಾರೀಖನ್ನು ಇನ್ನು ಮೊಬೈಲಿನಲ್ಲೇ ಬದಲಿಸಬಹುದಂತೆ, ಕ್ಯಾನ್ಸಲ್ ದಂಡ ಇಲ್ಲವಂತೆ, 2026ರ ಜನವರಿಯಿಂದ ಶುರುವಂತೆ. 2025ರ ಅಕ್ಟೋಬರಿನಲ್ಲಿ ರೈಲ್ವೆ ಸಚಿವ ಅಶ್ವಿನಿ ವೈಷ್ಣವ್ ಹೇಳಿದ್ದನ್ನು ನೀವೂ ಓದಿದ್ದೀರಿ. ಆಗಿನ ಪದ್ಧತಿ ನ್ಯಾಯದ್ದಲ್ಲ ಎಂದೂ ಅವರೇ ಹೇಳಿದರು. ನಾನು ಪೇಪರ್ ಕೆಳಗಿಟ್ಟು, ಕೈಮುಗಿದು, ಹೆಂಡತಿಯನ್ನು ಕರೆದು ತೋರಿಸಿದೆ.

‘ಹೋದ ತಿಂಗಳು ಹೇಳಾಕ ಏನಾಗಿತ್ತಂತ?’ ಅಂದಳು.

ಅದರ ಹಿಂದಿನ ತಿಂಗಳ ಕತೆ ಇದು. ಬೆಂಗಳೂರಿನಲ್ಲಿ ನನ್ನ ಹೆಂಡತಿಯ ಅಣ್ಣನ ಮಗಳ ನಿಶ್ಚಯ, ಭಾನುವಾರ. ವಿಜಯಪುರದಿಂದ ಶುಕ್ರವಾರ ಸಂಜೆ ಹೊರಡುವ ಗಾಡಿಗೆ ನಾವು ನಾಲ್ಕು ಜನ, ಸ್ಲೀಪರ್. ಐವತ್ತು ದಿನ ಮೊದಲೇ ಬುಕ್ ಮಾಡಿದ್ದೆ. ಸೋಮವಾರ ರಾತ್ರಿ ಭಾವನ ಫೋನ್. ಗಂಡಿನ ಕಡೆಯ ಸೋದರತ್ತೆಗೆ ಕಣ್ಣಿನ ಆಪರೇಶನ್ ಬಂತು, ಅವರಿಲ್ಲದೆ ಗಂಡಿನವರು ತಾಂಬೂಲ ಮುಟ್ಟುವುದಿಲ್ಲ. ನಿಶ್ಚಯ ಗುರುವಾರಕ್ಕೆ ಹೋಯಿತು. ಅಂದರೆ ನಾವು ಶುಕ್ರವಾರದ ಬದಲು ಮುಂದಿನ ಮಂಗಳವಾರ ಹೊರಡಬೇಕು.

ಇಲ್ಲಿ ಸ್ವಲ್ಪ ನಿಲ್ಲೋಣ. ತಾರೀಖು ಬದಲಿಸಲು ಯಾರಿಗೆ ಎಷ್ಟು ಖರ್ಚಾಯಿತು ಅಂತ ಭಾವ ಆಮೇಲೆ ಲೆಕ್ಕ ಹೇಳಿದ. ಮುಹೂರ್ತ ನೋಡಿದ ಅಯ್ಯನವರು ಫೋನಿನಲ್ಲೇ ಪಂಚಾಂಗ ತಿರುವಿ ‘ಗುರುವಾರ ಇನ್ನೂ ಚಲೋ ಐತಿ’ ಅಂದರು. ಶನಿ, ರಾಹು, ಗುರು ಮೂವರೂ ಒಂದು ಪೈಸೆ ಕೇಳದೆ ಒಪ್ಪಿದರು. ಹಾಲ್‌ನ ಮಾಲೀಕ ‘ಗುರುವಾರ ಖಾಲಿ ಇದೆ, ನಿಮ್ಮ ಅಡ್ವಾನ್ಸ್ ಅದಕ್ಕೇ ಇರಲಿ ಬಿಡಿ’ ಅಂದ. ಅಡುಗೆಯವರು ಬೈದರು, ಆದರೆ ಬಂದರು. ಹೂವಿನವಳು ಬೈಯಲೂ ಇಲ್ಲ.

ಆ ಹಾಲ್‌ನವನು ಮಾಡಿದ್ದಿದೆಯಲ್ಲ, ಅದಕ್ಕೇ ತಾರೀಖು ಬದಲಿಸುವುದು ಅನ್ನುವುದು. ಅಡ್ವಾನ್ಸ್ ಅಲ್ಲೇ ಇತ್ತು, ರಸೀದಿ ಅದೇ, ದಿನ ಮಾತ್ರ ಸರಿಯಿತು. ಅವನು ‘ಮೊದಲು ಭಾನುವಾರದ್ದನ್ನು ಕ್ಯಾನ್ಸಲ್ ಮಾಡಿ, ಅಡ್ವಾನ್ಸಿನಲ್ಲಿ ರೂಪಾಯಿಗೆ ಮೂವತ್ತು ಪೈಸೆ ನನಗೆ ಬಿಡಿ, ಉಳಿದದ್ದು ಕೆಲವು ದಿನದಲ್ಲಿ ಬರುತ್ತೆ. ಅಷ್ಟರಲ್ಲಿ ಹೊಸದಾಗಿ ಪೂರ್ತಿ ದುಡ್ಡು ಕಟ್ಟಿ ಗುರುವಾರದ ಸಾಲಿನಲ್ಲಿ ಹತ್ತನೆಯವರಾಗಿ ನಿಲ್ಲಿ’ ಅಂದಿದ್ದರೆ ಭಾವ ಅವನ ಹಾಲ್‌ನಲ್ಲೇ ಅವನ ಶ್ರಾದ್ಧ ಮಾಡುತ್ತಿದ್ದ. ಮೊಬೈಲಿನಲ್ಲಿ ರೈಲು ಟಿಕೆಟ್ ತೆಗೆದವರಿಗೆ ಆಗ ಇದ್ದದ್ದು ಇದೊಂದೇ ದಾರಿ. ಆದರೆ ನಾವು ಅದನ್ನು ಸೌಲಭ್ಯ ಅನ್ನುತ್ತೇವೆ.

ಮಂಗಳವಾರ ಬೆಳಿಗ್ಗೆ ಮೊಬೈಲ್ ಹಿಡಿದು ಕೂತೆ. ‘ತಾರೀಖು ಬದಲಿಸಿ’ ಅನ್ನುವ ಗುಂಡಿ ಎಲ್ಲೋ ಇದ್ದೇ ಇರುತ್ತದೆ ಅನ್ನುವ ನಂಬಿಕೆ. ಹುಡುಕುತ್ತಾ ಹೋದಂತೆ ಏನೆಲ್ಲ ಬದಲಿಸಬಹುದು ಅಂತ ಗೊತ್ತಾಯಿತು. ಹತ್ತುವ ಸ್ಟೇಶನ್ ಬದಲಿಸಬಹುದು. ವಿಜಯಪುರ ಬೇಡ, ಬಾಗಲಕೋಟೆಯಲ್ಲಿ ಹತ್ತುತ್ತೇನೆ ಅಂದರೆ ಹೂಂ ಅನ್ನುತ್ತದೆ. ಪ್ರಯಾಣಿಕರನ್ನೇ ಬದಲಿಸಬಹುದು! ಗಾಡಿ ಹೊರಡುವ 24 ಗಂಟೆ ಮೊದಲು ಟಿಕೆಟ್ ಪ್ರಿಂಟು, ಗುರುತಿನ ಚೀಟಿ, ಸಂಬಂಧದ ದಾಖಲೆ ಹಿಡಿದು ಕೌಂಟರಿಗೆ ಹೋದರೆ ನನ್ನ ಬರ್ತನ್ನು ಅಪ್ಪ, ಅವ್ವ, ಅಣ್ಣತಮ್ಮ, ಅಕ್ಕತಂಗಿ, ಹೆಂಡತಿ, ಮಕ್ಕಳ ಹೆಸರಿಗೆ ಮಾಡಿಕೊಡುತ್ತಾರೆ. ಅಂದರೆ ನನ್ನ ಬದಲು ನನ್ನ ತಮ್ಮ ಶುಕ್ರವಾರ ಹೋಗಬಹುದು. ನಾನೇ ಮಂಗಳವಾರ ಹೋಗುತ್ತೇನೆ ಅಂದರೆ ಆಗುವುದಿಲ್ಲ. ಮನುಷ್ಯ ಬದಲಾದರೂ ನಡೆಯುತ್ತದೆ, ವಾರ ಬದಲಾಗಬಾರದು. ಶುಕ್ರವಾರಕ್ಕೆ ಇಷ್ಟು ಮರ್ಯಾದೆ ನಮ್ಮ ಅವ್ವ ಲಕ್ಷ್ಮೀ ಪೂಜೆ ಮಾಡುವಾಗಲೂ ಕೊಟ್ಟಿರಲಿಲ್ಲ.

ಅಷ್ಟೊತ್ತಿಗೆ ಪಕ್ಕದ ಓಣಿಯ ಕಾಕಾ ಬಂದರು. ಹೆಂಡತಿಯ ಕಡೆಯ ಸಂಬಂಧ, ಅದೇ ನಿಶ್ಚಯಕ್ಕೆ ಅದೇ ಗಾಡಿಗೆ ಅವರದೂ ಎರಡು ಟಿಕೆಟ್. ಕಾಕಾಗೆ ಮೊಬೈಲಿನ ಮೇಲೆ ನಂಬಿಕೆ ಇಲ್ಲ. ಫಾರ್ಮ್ ತುಂಬಿ, ಸಾಲಿನಲ್ಲಿ ನಿಂತು, ಕಾಗದದ ಟಿಕೆಟ್ ತೆಗೆಸಿ, ಮಡಚಿ, ತೊಟ್ಟ ಬಂಡಿಯ ಒಳಕಿಸೆಯಲ್ಲಿ ಇಟ್ಟುಕೊಳ್ಳುವ ಜಾತಿ. ಎರಡು ವರ್ಷದಿಂದ ಅವರಿಗೆ ನಾನು ಆ್ಯಪ್ ಕಲಿಸುತ್ತಿದ್ದೇನೆ.

‘ನಂದು ಬದ್ಲಿ ಆತು ತಮ್ಮಾ. ಮಂಗಳವಾರದ್ದು ಎರಡೂ ಸಿಕ್ಕು. ನಿಂದೇನಾತು?’

ನನಗೆ ಮಾತು ಹೊರಡಲಿಲ್ಲ. ವಿಷಯ ಇಷ್ಟೇ. ಕೌಂಟರಿನಲ್ಲಿ ತೆಗೆದ ಟಿಕೆಟಿಗೆ ತಾರೀಖು ಹಿಂದೆ ಮುಂದೆ ಮಾಡುವ ಅವಕಾಶ ಮೊದಲಿನಿಂದ ಇದೆ. ಗಾಡಿ ಹೊರಡುವ 48 ಗಂಟೆಗೆ ಮೊದಲು, ಕೌಂಟರ್ ತೆರೆದಿರುವಾಗ, ಹಳೇ ಟಿಕೆಟನ್ನು ಒಪ್ಪಿಸಬೇಕು. ಅದೇ ಊರಿಗೆ, ಅದೇ ಕ್ಲಾಸ್ ಅಥವಾ ಮೇಲಿನ ಕ್ಲಾಸ್. ಹೊಸ ದಿನ ಜಾಗ ಇರಬೇಕು. ಒಂದಿಷ್ಟು ಫೀ ಕಟ್ಟಬೇಕು. ಒಂದೇ ಒಂದು ಸಲ. ಮೊಬೈಲಿನಲ್ಲಿ ತೆಗೆದ ಟಿಕೆಟಿಗೆ ಮಾತ್ರ ಆಗ ಈ ಭಾಗ್ಯ ಇರಲಿಲ್ಲ.

ಡಿಜಿಟಲ್ ಆಗಿ, ಸಾಲಿನಲ್ಲಿ ನಿಲ್ಲಬೇಡಿ ಅಂತ ಹೇಳಿ ಹೇಳಿ ನಮ್ಮನ್ನು ಸಾಲಿನಿಂದ ಎಬ್ಬಿಸಿದವರು ಒಂದು ಮಾತು ಹೇಳುವುದನ್ನು ಮರೆತಿದ್ದರು. ಸಾಲಿನಲ್ಲಿ ನಿಂತವನಿಗೆ ಮನಸ್ಸು ಬದಲಿಸುವ ಹಕ್ಕಿದೆ, ಕೂತಲ್ಲೇ ಒತ್ತಿದವನಿಗೆ ಇಲ್ಲ.

ಈಗ ನನ್ನ ಲೆಕ್ಕ. ಸುಲಭವಾಗಲಿ ಅಂತ ಒಬ್ಬರ ಟಿಕೆಟ್ 400 ರೂಪಾಯಿ ಅಂದುಕೊಳ್ಳಿ, ನಾಲ್ಕು ಜನಕ್ಕೆ 1600. ಆಗಿನ ನಿಯಮದಲ್ಲಿ ಕನ್ಫರ್ಮ್ ಆದ ಸ್ಲೀಪರ್ ಟಿಕೆಟನ್ನು 48 ಗಂಟೆಗೂ ಮೊದಲೇ ಕ್ಯಾನ್ಸಲ್ ಮಾಡಿದರೂ ತಲೆಗೆ 120 ಹೋಗುತ್ತಿತ್ತು. ಟಿಕೆಟಿಗೆ ಅಲ್ಲ, ತಲೆಗೆ. ನಾಲ್ಕು ತಲೆಗೆ 480. ಬುಕ್ ಮಾಡುವಾಗ ಯುಪಿಐನಲ್ಲಿ ಕಟ್ಟಿದ ಕನ್ವೀನಿಯನ್ಸ್ ಫೀ ಜಿಎಸ್‌ಟಿ ಸೇರಿ 11 ರೂಪಾಯಿ 80 ಪೈಸೆ, ಅದು ವಾಪಸ್ ಬರುವುದಿಲ್ಲ. ಹೊಸ ಬುಕಿಂಗಿಗೆ ಇನ್ನೊಂದು 11.80. ಕನ್ವೀನಿಯನ್ಸ್ ಅಂದರೆ ಅನುಕೂಲ. ಯಾರಿಗೆ ಅಂತ ಬರೆದಿಲ್ಲ.

ಆ ನಿಯಮ ಓದಿದರೆ ಇನ್ನೊಂದು ತಮಾಷೆ ಇತ್ತು. 48ರಿಂದ 12 ಗಂಟೆಯೊಳಗೆ ಕ್ಯಾನ್ಸಲ್ ಮಾಡಿದರೆ ಶೇಕಡಾ 25 ಕಡಿತ, ಆದರೆ ಆ 120ಕ್ಕಿಂತ ಕಡಿಮೆ ಆಗುವಂತಿರಲಿಲ್ಲ. 400ಕ್ಕೆ ಶೇಕಡಾ 25 ಅಂದರೆ 100. ಹಾಗಾಗಿ ಮತ್ತೆ 120. ಅಂದರೆ 480 ರೂಪಾಯಿಗಿಂತ ಕಡಿಮೆಯ ಸ್ಲೀಪರ್ ಟಿಕೆಟ್ ಇದ್ದವನು ನಾಲ್ಕು ದಿನ ಮೊದಲು ಕ್ಯಾನ್ಸಲ್ ಮಾಡಿದರೂ ಅಷ್ಟೇ, ಗಾಡಿಗೆ 12 ಗಂಟೆ ಇರುವಾಗ ಮಾಡಿದರೂ ಅಷ್ಟೇ. ಜವಾಬ್ದಾರಿಯಿಂದ ಮೊದಲೇ ತಿಳಿಸಿದ್ದಕ್ಕೆ ಒಂದು ಪೈಸೆ ರಿಯಾಯಿತಿ ಇರಲಿಲ್ಲ. 12 ಗಂಟೆ ದಾಟಿತೋ, ಅರ್ಧ ಹೋಯಿತು.

ಥರ್ಡ್ ಎಸಿಯವರಿಗೆ ಆಗ ಈ ಕಡಿತ 180, ಅದರ ಮೇಲೆ ಜಿಎಸ್‌ಟಿ. ಟಿಕೆಟ್ 1100 ಅಂದುಕೊಂಡರೆ ಹೋಗುತ್ತಿದ್ದದ್ದು ಶೇಕಡಾ 17ರಷ್ಟು. ನನ್ನ ಸ್ಲೀಪರಿನಲ್ಲಿ ಹೋದದ್ದು 30. ಎಸಿಯಲ್ಲಿ ಹೊದಿಕೆ ಹೊದ್ದು ಮಲಗುವವನಿಗಿಂತ ಕಿಟಕಿಯ ಧೂಳು ತಿನ್ನುವವನ ಕಿಸೆ ಜಾಸ್ತಿ ಕತ್ತರಿಸಿದೆ. ಇದನ್ನು ತಮಾಷೆ ಮಾಡಲು ನನಗೆ ಮನಸ್ಸು ಬರುತ್ತಿಲ್ಲ. ದೀಪಾವಳಿಗೆ ಊರಿಗೆ ಬರಲು ಬೆಂಗಳೂರಿನ ಕಟ್ಟಡದ ಕೆಲಸದಿಂದ ರಜೆ ಕೇಳುವ ಹುಡುಗನಿಗೆ ಮೇಸ್ತ್ರಿ ‘ಎರಡು ದಿನ ಬಿಟ್ಟು ಹೋಗು’ ಅಂದರೆ ಅವನ 120 ಹೋಯಿತು. ತಪ್ಪು ಅವನದಲ್ಲ. ಅವನು ಬಿಟ್ಟುಕೊಟ್ಟ ಬರ್ತು ಖಾಲಿಯೂ ಹೋಗುವುದಿಲ್ಲ. ವೇಟಿಂಗ್ ಲಿಸ್ಟಿನಲ್ಲಿದ್ದವನು ಪೂರ್ತಿ ದುಡ್ಡು ಕೊಟ್ಟು ಅದರಲ್ಲಿ ಮಲಗಿ ಹೋಗುತ್ತಾನೆ. ಹಾಗಾದರೆ ನಷ್ಟ ಯಾರಿಗಾಯಿತು, ದಂಡ ಯಾತಕ್ಕೆ? ವರ್ಷಗಟ್ಟಲೆ ಇದನ್ನು ಯಾರೂ ಕೇಳಲಿಲ್ಲ, ಕೇಳಿದವರಿಗೆ ನಿಯಮ ತೋರಿಸಿದರು, ಕೊನೆಗೆ ಸಚಿವರೇ ಅನ್ಯಾಯ ಅಂದಾಗ ನಾವು ಚಪ್ಪಾಳೆ ತಟ್ಟಿದೆವು.

ಇರಲಿ. ಕಾಕಾ ಚಹಾ ಕುಡಿಯುವಷ್ಟರಲ್ಲಿ ಮಂಗಳವಾರದ ಗಾಡಿ ನೋಡಿದೆ. ವೇಟಿಂಗ್ 9. ಬೆಳಿಗ್ಗೆ ನಾನು ಇಲ್ಲದ ಗುಂಡಿ ಹುಡುಕುವ ಹೊತ್ತಿನಲ್ಲಿ ಕಾಕಾ ಸೇರಿದಂತೆ ಎಲ್ಲರೂ ಬಂದು ಹೋಗಿದ್ದರು. ಕ್ಯಾನ್ಸಲ್ ಮಾಡಿ ಹೊಸದು ಮಾಡುವುದರ ನಿಜವಾದ ನೋವು ದುಡ್ಡಿನದಲ್ಲ, ಇದು. ಐವತ್ತು ದಿನ ಮೊದಲು ಎದ್ದು ಬುಕ್ ಮಾಡಿದವನೂ ಇವತ್ತು ಎದ್ದವನೂ ಸಾಲಿನ ಬಾಲದಲ್ಲಿ ಸಮಾನರು.

ಹೆಂಡತಿ ಮೊದಲು ಹಳೇದನ್ನು ಕ್ಯಾನ್ಸಲ್ ಮಾಡಿ ಅಂದಳು. ಬೇಡ ಅಂದೆ. ಮೊದಲು ಹೊಸದು ತಗೋ, ಅದು ಏನಾಗುತ್ತದೆ ನೋಡು, ಆಮೇಲೆ ಹಳೇದು ಬಿಡು. ಹೇಗೂ ಶುಕ್ರವಾರ ಬೆಳಗಿನ ಜಾವದವರೆಗೆ ಅದೇ 120 ತಾನೆ? ಅಲ್ಲಿಯವರೆಗೆ ಸೋದರತ್ತೆ ಆಪರೇಶನ್ ಮುಂದೂಡಿದರೆ ಹಳೇ ಟಿಕೆಟೇ ಕೈಹಿಡಿಯುತ್ತದೆ. ಹೀಗೆ ಎರಡು ಟಿಕೆಟಿನಲ್ಲಿ 3200 ರೂಪಾಯಿ ಸಿಕ್ಕಿಸಿಕೊಂಡು, ಕಂಡಿಲ್ಲದ ಹೆಂಗಸಿನ ಕಣ್ಣಿನ ಪೊರೆಯ ಬಗ್ಗೆ ಮೂರು ದಿನ ಚಿಂತೆ ಮಾಡಿದೆ. ಹೊಸ ಟಿಕೆಟ್ ಕೊನೆವರೆಗೂ ವೇಟಿಂಗಿನಲ್ಲೇ ಉಳಿದರೆ ತಾನಾಗಿ ರದ್ದಾಗುತ್ತದೆ, ಆಗಲೂ ತಲೆಗೆ 60 ಹಿಡಿಯುತ್ತಾರೆ. ಸೀಟು ಕೊಡದಿದ್ದಕ್ಕೆ ಫೀ.

ಆಪರೇಶನ್ ನಡೆಯಿತು. ಶುಕ್ರವಾರ ನಸುಕಿನಲ್ಲಿ ಹಳೇದನ್ನು ಕ್ಯಾನ್ಸಲ್ ಮಾಡಿದೆ. 480 ಹೋಯಿತು. ಮಂಗಳವಾರದ ನಾಲ್ಕೂ ಟಿಕೆಟು ಭಾನುವಾರ ಕನ್ಫರ್ಮ್ ಆದವು, ಎರಡು ಈ ತುದಿ, ಎರಡು ಆ ತುದಿ.

ಸಚಿವರು ಹೇಳಿದ ಜನವರಿಯ ಸೌಲಭ್ಯದಲ್ಲೂ ಎರಡು ಮಾತು ಇದ್ದವು, ನೆನಪಿರಲಿ. ಹೊಸ ದಿನ ಜಾಗ ಇದ್ದರೆ ಮಾತ್ರ. ದರ ಜಾಸ್ತಿ ಇದ್ದರೆ ವ್ಯತ್ಯಾಸ ನಿಮ್ಮದೇ. ದಂಡದ ದುಡ್ಡು ಉಳಿಯುತ್ತದೆ, ಅದು ದೊಡ್ಡದೇ. ಆದರೆ ಹಬ್ಬದ ವಾರ ಎಲ್ಲ ದಿನವೂ ವೇಟಿಂಗ್ ಇರುವಾಗ ಯಾವ ದಿನಕ್ಕೆ ಬದಲಿಸುತ್ತೀರಿ?

ಕಾಕಾಗೆ ಇದನ್ನೆಲ್ಲ ಓದಿ ಹೇಳಿದೆ. ಅವರು ಹೊಸ ಸುದ್ದಿ ತಂದಿದ್ದರು. ಹೆಣ್ಣಿನ ಕಡೆಯಿಂದ ಫೋನ್ ಬಂದಿದೆ, ಮದುವೆಯ ತಾರೀಖು ಸ್ವಲ್ಪ ಹಿಂದೆ ಮುಂದೆ ಆಗಬಹುದಂತೆ.

‘ಟಿಕೆಟ್ ತಗೊಂಡೀರೇನು ಕಾಕಾ?’

‘ತಗೊಂಡೇನಿ.’ ಬಂಡಿಯ ಕಿಸೆ ಮುಟ್ಟಿ ನೋಡಿಕೊಂಡರು. ‘ನೀನೂ ನಾಳಿ ಫಾರ್ಮ್ ತುಂಬಾಕ ಬಾ. ಎಂಟಕ್ಕ ಬಾಗಿಲಾ ತೆಗೀತಾರ, ಏಳಕ್ಕ ನಿಂತ್ರ ಆತು.’