ಟೀಸರ್‌ನಲ್ಲಿ ಗೆದ್ದ ಲ್ಯಾಪ್‌ಟಾಪ್ ಮೂರು ಗಂಟೆಯ ಮದುವೆ ವಿಡಿಯೋದಲ್ಲಿ ಯಾಕೆ ಸೋಲುತ್ತದೆ

ಮದುವೆ ವಿಡಿಯೋ ಎಡಿಟ್ ಮಾಡುವ ಗೆಳೆಯರು ಹೊಸ ಲ್ಯಾಪ್‌ಟಾಪ್ ತಗೊಳ್ಳೋ ಮುಂಚೆ ಎರಡು ಮಾಡೆಲ್‌ನ ಲಿಂಕ್ ಕಳಿಸಿ "ಇದ್ರಲ್ಲಿ ಯಾವುದು ಫಾಸ್ಟು?" ಅಂತ ಕೇಳ್ತಾರೆ. ಎಷ್ಟು ಹೊತ್ತಿನ ಕೆಲಸಕ್ಕೆ ಅಂತ ಗೊತ್ತಾಗದೆ ಆ ಪ್ರಶ್ನೆಗೆ ಉತ್ತರ ಕೊಡೋಕೆ ಆಗಲ್ಲ. ಒಂದು ನಿಮಿಷದ ಟೀಸರ್ ಎಕ್ಸ್‌ಪೋರ್ಟ್ ಮಾಡುವಾಗ ಗೆದ್ದ ತೆಳ್ಳನೆಯ ಮಷೀನು, ನಾಂದಿಯಿಂದ ಹಿಡಿದು ಆರತಕ್ಷತೆವರೆಗಿನ ಮೂರು ಗಂಟೆಯ ಟ್ರೆಡಿಷನಲ್ ವಿಡಿಯೋ ಹಾಕಿದಾಗ ದಪ್ಪನೆಯದಕ್ಕಿಂತ ಎಷ್ಟೋ ಹಿಂದೆ ಬೀಳಬಹುದು. ಅದು ಡಿಫೆಕ್ಟ್ ಅಲ್ಲ. ಆ ಮಷೀನನ್ನು ಹಾಗೇ ಕಟ್ಟಿರುತ್ತಾರೆ.

2020ರ ನವೆಂಬರ್‌ನಲ್ಲಿ ಆಪಲ್‌ನವರು ಎಂ1 ಚಿಪ್ಪನ್ನು ಮ್ಯಾಕ್‌ಬುಕ್ ಏರ್‌ಗೂ ಹಾಕಿದರು, 13 ಇಂಚಿನ ಮ್ಯಾಕ್‌ಬುಕ್ ಪ್ರೊಗೂ ಹಾಕಿದರು. ಸಿಪಿಯು ಎರಡರಲ್ಲೂ ಅದೇ. ಆದರೆ ಏರ್‌ನಲ್ಲಿ ಫ್ಯಾನ್ ಇಲ್ಲ, ಪ್ರೊನಲ್ಲಿ ಒಂದು ಫ್ಯಾನ್ ಇದೆ. ಸಣ್ಣ ಬೆಂಚ್‌ಮಾರ್ಕ್‌ಗಳಲ್ಲಿ ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಅಂಕ ಬಂತು. ಹತ್ತು ನಿಮಿಷ ದಾಟುವ ಕೆಲಸ ಕೊಟ್ಟಾಗ ಏರ್ ನಿಧಾನವಾಯಿತು, ಪ್ರೊ ಅದೇ ವೇಗದಲ್ಲಿ ಓಡುತ್ತಾ ಇತ್ತು. ವ್ಯತ್ಯಾಸ ಬಂದದ್ದು ಚಿಪ್ಪಿನಿಂದ ಅಲ್ಲ, ಚಿಪ್ಪಿನ ಬಿಸಿ ಹೊರಗೆ ಹೋಗುವ ದಾರಿಯಿಂದ.

ನಮ್ಮಲ್ಲಿ ಹೆಚ್ಚಿನ ಎಡಿಟರ್‌ಗಳು ಬಳಸೋದು ವಿಂಡೋಸ್, ಹಾಗಾಗಿ ಇಂಟೆಲ್‌ನ ಒಂದು ಜೋಡಿ ನೋಡೋಣ. Core i7-1260P ತೆಳ್ಳನೆಯ ಲ್ಯಾಪ್‌ಟಾಪ್‌ಗಳಿಗೆ ಬಂದ ಚಿಪ್, Core i7-12700H ದಪ್ಪನೆಯವಕ್ಕೆ. ಎರಡೂ 12ನೇ ಜನರೇಷನ್, ಎರಡರ ಗರಿಷ್ಠ ಟರ್ಬೊ ವೇಗವೂ 4.7 ಗಿಗಾಹರ್ಟ್ಸ್. ಅಂಗಡಿಯ ಚೀಟಿಯಲ್ಲಿ ದೊಡ್ಡದಾಗಿ ಕಾಣೋದು ಈ 4.7. ಆದರೆ ವಾಟ್ ಲೆಕ್ಕ ಬೇರೆ. ಇಂಟೆಲ್‌ನ ಪ್ರಕಾರ ಮೊದಲನೆಯದಕ್ಕೆ ಮೂಲ ಪವರ್ 28 ವಾಟ್, ಟರ್ಬೊದಲ್ಲಿ 64ರವರೆಗೆ. ಎರಡನೆಯದಕ್ಕೆ ಮೂಲ 45 ವಾಟ್, ಟರ್ಬೊದಲ್ಲಿ 115ರವರೆಗೆ. ಟರ್ಬೊದ ಆ ದೊಡ್ಡ ಅಂಕಿಗೆ PL2 ಅಂತಾರೆ, ಅದು ಸ್ವಲ್ಪ ಹೊತ್ತಿಗೆ ಮಾತ್ರ. ಆಮೇಲೆ ಇಳಿದು ನಿಲ್ಲುವ ಮಿತಿ PL1. ಎಷ್ಟು ಹೊತ್ತಿಗೆ ಇಳಿಯಬೇಕು, ಎಲ್ಲಿಗೆ ಇಳಿಯಬೇಕು ಅನ್ನೋದನ್ನು ಲ್ಯಾಪ್‌ಟಾಪ್ ಕಂಪನಿ ಸೆಟ್ ಮಾಡುತ್ತದೆ. ಅದಕ್ಕೇ ಒಂದೇ ಚಿಪ್ ಇರುವ ಎರಡು ಲ್ಯಾಪ್‌ಟಾಪ್‌ಗಳೂ ಬೇರೆ ಬೇರೆ ಥರ ಓಡುತ್ತವೆ.

ಆ "ಸ್ವಲ್ಪ ಹೊತ್ತು" ಎಲ್ಲಿಂದ ಬರುತ್ತದೆ ಅನ್ನೋದಕ್ಕೆ ಒಂದು ಲೆಕ್ಕ. ಚಿಪ್ 60 ವಾಟ್ ಬಿಸಿ ಹುಟ್ಟಿಸುತ್ತಿದೆ, ಸಣ್ಣ ಫ್ಯಾನು ಹೊರಗೆ ತಳ್ಳೋದು 28 ವಾಟ್ ಅಂತ ಹಿಡಿಯಿರಿ. ಉಳಿದ 32 ವಾಟ್ ಒಳಗಿನ ತಾಮ್ರದ ಹೀಟ್‌ಪೈಪ್‌ನಲ್ಲಿ ಸೇರುತ್ತಾ ಹೋಗುತ್ತದೆ. ಒಂದು ಗ್ರಾಂ ತಾಮ್ರ ಒಂದು ಡಿಗ್ರಿ ಬಿಸಿಯಾಗೋಕೆ 0.385 ಜೂಲ್ ಬೇಕು. 100 ಗ್ರಾಂ ತಾಮ್ರ 45 ಡಿಗ್ರಿಯಿಂದ 95ಕ್ಕೆ ಏರೋಕೆ 1,925 ಜೂಲ್. ಸೆಕೆಂಡಿಗೆ 32 ಜೂಲ್‌ನಂತೆ ಸೇರಿದರೆ ಒಂದು ನಿಮಿಷಕ್ಕೆ ತುಂಬಿಹೋಯಿತು. ನೀರಿನ ತೊಟ್ಟಿಗೆ ಹೋಲಿಸಿದರೆ ತಾಮ್ರದ ತೂಕ ತೊಟ್ಟಿಯ ಅಳತೆ, ಫ್ಯಾನು ಮತ್ತು ಅದರ ಗಾಳಿಗೆ ಬಿಸಿ ಬಿಡುವ ಲೋಹದ ರೆಕ್ಕೆಗಳು ಆ ತೊಟ್ಟಿಯ ತೂಬು. ತೊಟ್ಟಿ ತುಂಬುವ ತನಕ ತೂಬು ಸಣ್ಣದೋ ದೊಡ್ಡದೋ ಯಾರಿಗೂ ಗೊತ್ತಾಗಲ್ಲ. ತುಂಬಿದ ಮೇಲೆ ತೂಬಿನದೇ ಆಟ.

ಸಣ್ಣ ಕೆಲಸದಲ್ಲಿ ತೆಳ್ಳನೆಯದು ನಿಜವಾಗಿಯೂ ಗೆಲ್ಲೋದು ಇದೇ ಕಾರಣಕ್ಕೆ. ಫೋಟೊ ತೆರೆಯೋದು, ಕಲರ್ ಸ್ವಲ್ಪ ತಿದ್ದೋದು, ಬ್ರೌಸರ್‌ನಲ್ಲಿ ಪುಟ ತೆರೆಯೋದು, ಟೀಸರ್ ಎಕ್ಸ್‌ಪೋರ್ಟ್, ಇವೆಲ್ಲ ತೊಟ್ಟಿ ತುಂಬುವ ಮೊದಲೇ ಮುಗಿಯುತ್ತವೆ, ಮುಂದಿನ ಕ್ಲಿಕ್ ಬರುವಷ್ಟರಲ್ಲಿ ತಾಮ್ರ ತಣ್ಣಗಾಗಿರುತ್ತದೆ. ಹೊಸ ಜನರೇಷನ್ ಚಿಪ್ಪಿನ ತೆಳ್ಳನೆಯ ಮಷೀನು ಎರಡು ವರ್ಷ ಹಳೆಯ ದಪ್ಪ ಮಷೀನನ್ನು ಇಲ್ಲಿ ಆರಾಮಾಗಿ ಹಿಂದೆ ಹಾಕಬಹುದು. ಬರೆಯುವವರಿಗೆ, ಪಾಠ ಮಾಡುವವರಿಗೆ, ಊರೂರು ತಿರುಗುವವರಿಗೆ ನಾನು ತೆಳ್ಳನೆಯದನ್ನೇ ಹೇಳ್ತೀನಿ. ಆದರೆ ಎಂಟುನೂರು ರಾ ಫೋಟೊಗಳನ್ನು ಒಟ್ಟಿಗೆ ಜೆಪೆಗ್‌ಗೆ ಹಾಕಿದರೆ ಅದು ಸಣ್ಣ ಕೆಲಸ ಅಲ್ಲ, ನೆನಪಿರಲಿ.

ಇನ್ನೊಂದು ಮಾತು ತುಂಬಾ ಜನರನ್ನು ದಾರಿ ತಪ್ಪಿಸುತ್ತದೆ. "ಎಕ್ಸ್‌ಪೋರ್ಟ್ ಮಾಡುವಾಗ ಟೆಂಪರೇಚರ್ 72 ಡಿಗ್ರಿ ಅಷ್ಟೇ ಇದೆ, ಕೂಲಿಂಗ್ ಸೂಪರ್" ಅಂತಾರೆ. ಹಾಗಿದ್ದಾಗ HWiNFO ಅನ್ನೋ ಸಾಫ್ಟ್‌ವೇರ್ ತೆರೆದು CPU Package Power ಅನ್ನೋ ಸಾಲು ನೋಡಿ. ಮೊದಲ ಅರ್ಧ ನಿಮಿಷ 60ರ ಹತ್ತಿರ ಇದ್ದದ್ದು 28ಕ್ಕೆ ಬಂದು, ಹತ್ತು ಹದಿನೈದು ನಿಮಿಷ ಕಳೆದ ಮೇಲೆ ಇಪ್ಪತ್ತರ ಆಸುಪಾಸಿಗೆ ಇಳಿದಿದ್ದರೆ ಆ 72 ಡಿಗ್ರಿ ಕೂಲಿಂಗ್‌ನ ಗುಣ ಅಲ್ಲ. ಚಿಪ್ಪಿಗೇ ಕಡಿಮೆ ಕೆಲಸ ಕೊಟ್ಟಿದ್ದಾರೆ. ತೆಳ್ಳನೆಯ ಬಾಡಿಯಲ್ಲಿ ಬಿಸಿ ಬೇಗ ಕೀಬೋರ್ಡಿಗೆ, ತೊಡೆಗೆ ತಟ್ಟುತ್ತದೆ. ಆದ್ದರಿಂದ ಚಿಪ್ಪಿಗೆ ಇನ್ನೂ ತಡೆಯುವ ಶಕ್ತಿ ಇದ್ದರೂ, ಮೈ ಸುಡಬಾರದು ಅಂತ ಕಂಪನಿ ಪವರ್ ಇಳಿಸುತ್ತದೆ. ಬರೀ ಡಿಗ್ರಿ ನೋಡಿದರೆ ಇದು ಕಾಣಿಸೋದೇ ಇಲ್ಲ, ವಾಟ್ ನೋಡಬೇಕು.

ವಾಟ್ ಅರ್ಧವಾದರೆ ವೇಗವೂ ಅರ್ಧ ಆಗಲ್ಲ ಅನ್ನೋದು ಸಮಾಧಾನದ ವಿಷಯ. ವೇಗ ಇಳಿಸಿದಾಗ ವೋಲ್ಟೇಜ್ ಕೂಡ ಇಳಿಯುತ್ತದೆ, ಹಾಗಾಗಿ ಪವರ್ ಇಳಿದಷ್ಟು ವೇಗ ಇಳಿಯುವುದಿಲ್ಲ. ಆದರೂ ಮೂರು ಗಂಟೆಯ ಟೈಮ್‌ಲೈನ್‌ನಲ್ಲಿ ಅಷ್ಟು ವ್ಯತ್ಯಾಸವೇ ಸಾಕು, ರಾತ್ರಿ ಹಾಕಿದ ಎಕ್ಸ್‌ಪೋರ್ಟ್ ಬೆಳಿಗ್ಗೆ ಪೆನ್‌ಡ್ರೈವ್ ಕೊಡುವ ಹೊತ್ತಿಗೆ ಮುಗಿದಿರುವುದಿಲ್ಲ.

ನಮ್ಮ ಕಡೆ ಬೇಸಿಗೆಯನ್ನೂ ಲೆಕ್ಕಕ್ಕೆ ತಗೋಬೇಕು. ಬಿಸಿ ಹೊರಗೆ ಹೋಗೋದು ಚಿಪ್ಪಿಗೂ ಕೋಣೆಗೂ ಇರುವ ಅಂತರದ ಮೇಲೆ. ಚಿಪ್ 100 ಡಿಗ್ರಿ, ಎಸಿ ರೂಮು 25 ಅಂದರೆ ಅಂತರ 75. ಮೇ ತಿಂಗಳ ಕಲಬುರಗಿಯಲ್ಲಿ ಎಸಿ ಇಲ್ಲದ ಸ್ಟುಡಿಯೋ 40 ಡಿಗ್ರಿ ಇದ್ದರೆ ಅಂತರ 60. ಅದೇ ಫ್ಯಾನು, ಅದೇ ತಾಮ್ರ, ಆದರೆ ಐದರಲ್ಲಿ ಒಂದು ಪಾಲು ಬಿಸಿ ಕಡಿಮೆ ಹೊರಗೆ ಹೋಗುತ್ತದೆ. ಮದುವೆ ಸೀಸನ್ ಬರೋದೂ ಅದೇ ತಿಂಗಳುಗಳಲ್ಲಿ.

ದಪ್ಪ ಇದ್ದ ಮಾತ್ರಕ್ಕೆ ಗೆಲ್ಲುತ್ತದೆ ಅಂತಲೂ ಅಲ್ಲ. ಒಂದೇ ಹೀಟ್‌ಪೈಪ್ ಹಾಕಿ PL1 ಕೆಳಗಿಟ್ಟ ದಪ್ಪ ಲ್ಯಾಪ್‌ಟಾಪ್‌ಗಳೂ ಇವೆ, ಅವು ಬರೀ ಭಾರ. ಎಕ್ಸ್‌ಪೋರ್ಟ್‌ನಲ್ಲಿ Hardware Encoding ಆಯ್ಕೆ ಮಾಡಿದ್ದರೆ ವಿಡಿಯೋ ಕಂಪ್ರೆಸ್ ಮಾಡುವ ಕೆಲಸ ಚಿಪ್ಪಿನೊಳಗಿನ ಪ್ರತ್ಯೇಕ ಭಾಗಕ್ಕೆ ಹೋಗುತ್ತದೆ, ಅದು ಕಡಿಮೆ ಪವರ್‌ನಲ್ಲೇ ನಡೆಯುತ್ತದೆ. ಎಫೆಕ್ಟ್ ಕಡಿಮೆ ಇರುವ ಟೈಮ್‌ಲೈನ್ ಆದರೆ ಆಗ ತೆಳ್ಳನೆಯದೂ ಚೆನ್ನಾಗಿಯೇ ಓಡುತ್ತದೆ. ನಾಯ್ಸ್ ರಿಡಕ್ಷನ್, ಸ್ಟೆಬಿಲೈಸೇಷನ್ ಹಾಕಿದ್ದರೆ ಅಥವಾ ಸಾಫ್ಟ್‌ವೇರ್ ಎನ್‌ಕೋಡಿಂಗೇ ಬೇಕು ಅನ್ನೋರಿಗೆ ಈ ರಿಯಾಯಿತಿ ಇಲ್ಲ.

ರಿವ್ಯೂಗಳಲ್ಲಿ ಒಂದೇ ಸುತ್ತಿನ ಅಂಕ ತೋರಿಸಿ "ಎಡಿಟರ್‌ಗಳಿಗೆ ಬೆಸ್ಟ್" ಅನ್ನೋದನ್ನು ನಾನು ಒಪ್ಪೋದಿಲ್ಲ. ಸಾಲ ಮಾಡಿ ಲ್ಯಾಪ್‌ಟಾಪ್ ತಗೊಳ್ಳುವ ಹುಡುಗರಿಗೆ ಅದು ಅನ್ಯಾಯ. ಸಿಪಿಯು ವೇಗ ಅಳೆಯುವ ಸಿನೆಬೆಂಚ್ ಆರ್23ರಲ್ಲೇ ಹತ್ತು ನಿಮಿಷ, ಮೂವತ್ತು ನಿಮಿಷ ಸತತ ಓಡಿಸುವ ಆಯ್ಕೆ ಇದೆ, ಆ ಅಂಕ ಕೇಳಿ.

ಇಲ್ಲದಿದ್ದರೆ ಗೆಳೆಯರ ಲ್ಯಾಪ್‌ಟಾಪ್‌ನಲ್ಲಿ ನೀವೇ ನೋಡಬಹುದು. ನಿಮ್ಮದೇ ಟೈಮ್‌ಲೈನ್‌ನಿಂದ ಒಂದು ನಿಮಿಷ ಕತ್ತರಿಸಿ ಎಕ್ಸ್‌ಪೋರ್ಟ್ ಮಾಡಿ, ಸಮಯ ಬರೆದಿಟ್ಟುಕೊಳ್ಳಿ. ಅದೇ ತುಣುಕನ್ನು ಇಪ್ಪತ್ತು ಸಲ ಸಾಲಾಗಿ ಜೋಡಿಸಿ ಮತ್ತೆ ಎಕ್ಸ್‌ಪೋರ್ಟ್ ಹಾಕಿ. ಪ್ರೀಮಿಯರ್ ಆದರೆ Use Previews ಟಿಕ್ ತೆಗೆದಿರಲಿ, ಚಾರ್ಜರ್ ಹಾಕಿರಲಿ. ಒಂದಕ್ಕೆ 40 ಸೆಕೆಂಡ್ ಹಿಡಿದಿದ್ದರೆ ಇಪ್ಪತ್ತಕ್ಕೆ 13 ನಿಮಿಷ 20 ಸೆಕೆಂಡ್ ಆಗಬೇಕು. 19 ನಿಮಿಷ ಹಿಡಿಯಿತು ಅಂದರೆ, ದೀರ್ಘ ಕೆಲಸದಲ್ಲಿ ಆ ಮಷೀನಿನಿಂದ ನಿಮಗೆ ಸಿಗೋದು ಅಂಗಡಿಯಲ್ಲಿ ಕಂಡ ವೇಗದ ನೂರಕ್ಕೆ ಎಪ್ಪತ್ತರಷ್ಟು.